ಸಣ್ಣ ಹೊಲದ ಗಡಿ: ಕೈ ಜಿಪಿಎಸ್ ಅಳತೆಯನ್ನು ತಿದ್ದುವುದು ಹೇಗೆ?

ಕೈಯಲ್ಲಿ ಹಿಡಿಯುವ ಜಿಪಿಎಸ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ದೊಡ್ಡ ಹೊಲಕ್ಕೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ತುಂಡಿಗೆ ಮಾತ್ರ ಇದೇ ದೊಡ್ಡ ತಲೆನೋವು. ಹಾಗಾಗಿ ಅಳೆಯುವ ಮೊದಲೇ ಎಷ್ಟು ನಿಖರತೆ ಬೇಕೆಂದು ಗೊತ್ತು ಮಾಡಿಕೊಳ್ಳಿ.

ಆಯತಾಕಾರದ ಹೊಲಕ್ಕೆ ಸುಲಭದ ಲೆಕ್ಕವೊಂದಿದೆ. ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದವನ್ನು, ಅಂದರೆ ಕರ್ಣವನ್ನು, ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎಂದು ಒಂದೊಂದು ದಿಕ್ಕಿನಲ್ಲಿ ಆಗುವ ತಪ್ಪಿನಿಂದ ಗುಣಿಸಿ. ಬರುವುದೇ ವಿಸ್ತೀರ್ಣದ ಸಾಮಾನ್ಯ ತಪ್ಪು. 30 ಮೀಟರ್ ಅಗಲ, 40 ಮೀಟರ್ ಉದ್ದದ ಹೊಲದ ಕರ್ಣ 50 ಮೀಟರ್. ತಪ್ಪು 2 ಮೀಟರ್ ಇದ್ದರೆ 1200 ಚದರ ಮೀಟರಿನಲ್ಲಿ 100 ಹೆಚ್ಚುಕಡಿಮೆ, ಅಂದರೆ ಶೇಕಡಾ 8. ತಪ್ಪನ್ನು ಅರ್ಧ ಮೀಟರಿಗೆ ಇಳಿಸಿದರೆ ಶೇಕಡಾ 2. ಅದೇ 300 ಮೀಟರ್ ಅಗಲ, 400 ಮೀಟರ್ ಉದ್ದದ ಹೊಲವಾದರೆ 2 ಮೀಟರ್ ತಪ್ಪಿಗೂ ಶೇಕಡಾ 1ನ್ನು ಮುಟ್ಟುವುದಿಲ್ಲ. ಇದು ಸಾಮಾನ್ಯ ತಪ್ಪು. ಒಮ್ಮೊಮ್ಮೆ ಇದರ ಎರಡು ಪಟ್ಟೂ ಆಗಬಹುದು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಒಂದೊಂದು ಮೂಲೆ ಒಂದೊಂದು ಕಡೆ ಸರಿದರೆ ಮಾತ್ರ ವಿಸ್ತೀರ್ಣ ಕೆಡುತ್ತದೆ. ನಾಲ್ಕೂ ಮೂಲೆ ಒಟ್ಟಿಗೆ ಪೂರ್ವಕ್ಕೆ 3 ಮೀಟರ್ ಸರಿದರೆ ನಕ್ಷೆಯಲ್ಲಿ ಹೊಲ ಪಕ್ಕದವರ ಜಾಗದಲ್ಲಿ ಕೂರುತ್ತದೆ, ಆದರೆ ವಿಸ್ತೀರ್ಣ ಹಾಗೇ ಇರುತ್ತದೆ. ಅಳತೆ ತಿದ್ದಲು ಬಳಸುವ ಬೇಸ್ ಸ್ಟೇಷನ್, ಅಂದರೆ ನಿಖರವಾಗಿ ಗೊತ್ತಿರುವ ಜಾಗದಲ್ಲಿ ಕೂರಿಸಿದ ಜಿಪಿಎಸ್ ರಿಸೀವರ್, ಮುಖ್ಯವಾಗಿ ತೆಗೆಯುವುದು ಇಂಥ ಒಟ್ಟಿಗೆ ಸರಿಯುವ ತಪ್ಪನ್ನೇ. ವಾತಾವರಣ, ಉಪಗ್ರಹದ ಗಡಿಯಾರ ಮತ್ತು ಕಕ್ಷೆಯಿಂದ ಬರುವ ತಪ್ಪು ಹತ್ತಿರದ ಎರಡು ರಿಸೀವರ್‌ಗಳಿಗೂ ಹೆಚ್ಚೂಕಡಿಮೆ ಒಂದೇ, ನಿಧಾನವಾಗಿ ಬದಲಾಗುತ್ತದೆ. ಬೇಸ್ ತಾನಿರುವ ಜಾಗ ಗೊತ್ತಿರುವುದರಿಂದ ಆ ತಪ್ಪನ್ನು ಲೆಕ್ಕ ಹಾಕಿಬಿಡುತ್ತದೆ. ಮರ, ಗೋಡೆಗೆ ಬಡಿದು ಬರುವ ಸಿಗ್ನಲ್‌ನ ತಪ್ಪು ಮಾತ್ರ ನಿಮ್ಮ ಮೂಲೆಯದ್ದೇ. ಅದಕ್ಕೆ ಬೇಸ್‌ನಲ್ಲಿ ಮದ್ದಿಲ್ಲ.

ಆದ್ದರಿಂದ ಗಡಿ ನಕ್ಷೆಯ ಮೇಲೆ ಸರಿಯಾಗಿ ಕೂರಬೇಕಾದರೆ, ಮುಂದಿನ ವರ್ಷ ಅದೇ ಮೂಲೆ ಹುಡುಕಬೇಕಾದರೆ, ಅಥವಾ ಅಳತೆ ಎರಡು ದಿನಕ್ಕೆ ಹಂಚಿಹೋಗಿದ್ದರೆ ತಿದ್ದುಪಡಿ ಬೇಕೇ ಬೇಕು. ಬರೀ ವಿಸ್ತೀರ್ಣ ಸಾಕು, ಹತ್ತೇ ನಿಮಿಷದ ಕೆಲಸ ಅನ್ನುವವರಿಗೆ ಇದರಿಂದ ಲಾಭ ಕಡಿಮೆ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಸಾಧನ ಉಪಗ್ರಹಗಳ ಮೂಲ ಅಳತೆಯನ್ನು RINEX ಫೈಲಾಗಿ ಉಳಿಸಬೇಕು. ಬರೀ ಅಕ್ಷಾಂಶ ರೇಖಾಂಶ ಉಳಿಸಿದರೆ ಸಾಲದು. ಬೇಸ್ ಎಷ್ಟು ತಪ್ಪಾಗಿದೆಯೋ ಅಷ್ಟನ್ನು ಸುಮ್ನೆ ಕಳೆದುಬಿಡೋಣ ಅನ್ನಿಸಬಹುದು. ಎರಡೂ ಕಡೆ ಅದೇ ಉಪಗ್ರಹಗಳು ಬಳಕೆಯಾಗಿದ್ದರೆ ಮಾತ್ರ ಅದು ಸರಿ. ಹೊಲದಲ್ಲಿ ಒಂದು ಮರ ಅಡ್ಡ ಬಂದರೂ ಲೆಕ್ಕ ಕೆಡುತ್ತದೆ.

ಪ್ರತಿ ಮೂಲೆಯಲ್ಲಿ ಐದು ನಿಮಿಷ ಅಲುಗಾಡದೆ ನಿಲ್ಲಿ. ನಿಂತ ಮತ್ತು ಹೊರಟ ಸಮಯ ಬರೆದಿಡಿ. ಕೊನೆಗೆ ಮೊದಲ ಮೂಲೆಗೆ ವಾಪಸ್ ಬಂದು ಇನ್ನೊಮ್ಮೆ ಅಳೆಯಿರಿ. ಅದೇ ಹೊತ್ತಿನ ಬೇಸ್ ಡೇಟಾವನ್ನು ಸಾಧ್ಯವಾದರೆ ಒಂದೊಂದು ಸೆಕೆಂಡಿನದು ತರಿಸಿಕೊಳ್ಳಿ. ಎಷ್ಟೋ ಸ್ಟೇಷನ್‌ಗಳು 30 ಸೆಕೆಂಡಿಗೊಮ್ಮೆ ಕೊಡುತ್ತವೆ. ಐದು ನಿಮಿಷಕ್ಕೆ ಹತ್ತೇ ಅಳತೆ ಸಿಕ್ಕಂತಾಯಿತು. ಆಮೇಲೆ ಉಚಿತ RTKLIB ತಂತ್ರಾಂಶದಲ್ಲಿ:

```
rnx2rtkp -p 1 -m 15 -l LAT LON HGT -o hola.pos rover.obs base.obs base.nav
```

`rover.obs` ನಿಮ್ಮ ಸಾಧನದ ಫೈಲು, `base.obs` ಬೇಸ್‌ನದು, `base.nav` ಉಪಗ್ರಹಗಳ ಕಕ್ಷೆಯ ಫೈಲು. LAT LON HGT ಜಾಗದಲ್ಲಿ ಬೇಸ್‌ನ ನಿಖರ ಸ್ಥಾನ, ಅಂದರೆ ಅಕ್ಷಾಂಶ, ರೇಖಾಂಶ, ಎತ್ತರ ಹಾಕಿ. ಇದು ತಪ್ಪಾದರೆ ಹೊಲವೂ ಅಷ್ಟೇ ಸರಿಯುತ್ತದೆ, ವಿಸ್ತೀರ್ಣದಲ್ಲಿ ಸುಳಿವೇ ಸಿಗುವುದಿಲ್ಲ. `-m 15` ದಿಗಂತಕ್ಕೆ ತೀರಾ ಹತ್ತಿರದ ಉಪಗ್ರಹಗಳನ್ನು ಬಿಟ್ಟುಬಿಡುತ್ತದೆ.

ಫಲಿತಾಂಶದಲ್ಲಿ ಮೊದಲು `Q` ಕಾಲಂ ನೋಡಿ. 4 ಅಂದರೆ ತಿದ್ದಿದ ಸಾಲು. 5 ಅಂದರೆ ಬೇಸ್ ಡೇಟಾ ತಾಗಿಲ್ಲ, ಹಳೆಯ ತಪ್ಪೇ ಉಳಿದಿದೆ. ಪೂರ್ತಿ 5 ಬಂದರೆ, ಅಥವಾ ಸಾಲುಗಳೇ ಬರದಿದ್ದರೆ, ಎರಡು ಫೈಲಿನ ಸಮಯ ಹೊಂದುತ್ತಿದೆಯೇ ಎಂದು ಮೊದಲು ಪರೀಕ್ಷಿಸಿ. ಅದರಲ್ಲಿನ ಸಮಯ ಜಿಪಿಎಸ್ ಕಾಲ. 2017ರಿಂದ ಅದು ಯುಟಿಸಿಗಿಂತ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯಕ್ಕಿಂತ, 18 ಸೆಕೆಂಡ್ ಮುಂದಿದೆ. ನೀವು ಬರೆದ ಗಡಿಯಾರದ ಸಮಯವನ್ನು ಅದಕ್ಕೆ ಹೊಂದಿಸಿ, ಪ್ರತಿ ಮೂಲೆಯ ಮೊದಲ ಮತ್ತು ಕೊನೆಯ ಅರ್ಧ ನಿಮಿಷ ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ.

ಮೊದಲ ಮೂಲೆಯ ಎರಡು ಅಳತೆಗಳನ್ನು ಹೋಲಿಸಿ. ತಿದ್ದುವ ಮೊದಲು ಅವು 3 ಮೀಟರ್ ದೂರವಿದ್ದು, ತಿದ್ದಿದ ಮೇಲೆ ಒಂದು ಮೀಟರಿನೊಳಗೆ ಬಂದರೆ ಕೆಲಸವಾಗಿದೆ. ಆಮೇಲೂ 3 ಮೀಟರೇ ಉಳಿದರೆ ಹತ್ತಿರದ ಮರವನ್ನೋ ಗೋಡೆಯನ್ನೋ ಅನುಮಾನಿಸಿ. ಆ ಮೂಲೆಯನ್ನು ಬದುವಿನ ಮೇಲೆ ಬಯಲಿಗೆ ಸರಿಸಿ ಅಳೆದು, ಉಳಿದ ದೂರವನ್ನು ಟೇಪಿನಿಂದ ಸೇರಿಸುವುದೇ ವಾಸಿ.

ಇನ್ನೂ ಚಿಕ್ಕ ತುಂಡಾದರೆ? 10 ಮೀಟರ್ ಅಗಲ, 12 ಮೀಟರ್ ಉದ್ದದ ಜಾಗದಲ್ಲಿ ಅರ್ಧ ಮೀಟರ್ ತಪ್ಪಿಗೂ ಶೇಕಡಾ 6ರ ಮೇಲೆ ವ್ಯತ್ಯಾಸ ಬರುತ್ತದೆ. ಅಲ್ಲಿ ಟೇಪೇ ಸರಿ. ನಾಲ್ಕು ಬದಿಯ ಜೊತೆಗೆ ಒಂದು ಕರ್ಣವನ್ನೂ ಅಳೆಯಿರಿ. ಬರೀ ಬದಿಗಳಿಂದ ಆಕಾರ ಗೊತ್ತಾಗುವುದಿಲ್ಲ, ಅದಿಲ್ಲದೆ ವಿಸ್ತೀರ್ಣವೂ ಸಿಗುವುದಿಲ್ಲ.