ಕೈಯಲ್ಲಿ 20 ಲಕ್ಷ, ಎದುರಿಗೆ ನಾಲ್ಕು ಕೆಲಸ: ತೋಟದ ದುಡ್ಡು ಯಾವುದಕ್ಕೆ ಹಾಕೋದು?

ಕೊಡಗಿನಲ್ಲಿ ಕಾಫಿ ಮಾರಿ ದುಡ್ಡು ಕೈಗೆ ಬಂದ ಕೂಡಲೇ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಒಬ್ಬರಿಗೆ ಕಣ ಬೇಕು, ಇನ್ನೊಬ್ಬರಿಗೆ ಹೋಂಸ್ಟೇ. ಕೊನೆಗೆ ಜೋರಾಗಿ ಮಾತಾಡಿದವರ ಕೆಲಸ ಆಗುತ್ತದೆ. ನೆಂಟರ, ನೆರೆಯವರ ತೋಟದ ಲೆಕ್ಕ ನೋಡಿಕೊಡುವ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಇರುವ ದುಡ್ಡಿಗಿಂತ ಒಳ್ಳೆಯ ಕೆಲಸಗಳೇ ಜಾಸ್ತಿ ಇದ್ದಾಗ ಆರಿಸುವುದಕ್ಕೆ ಕ್ಯಾಪಿಟಲ್ ರೇಷನಿಂಗ್ ಎನ್ನುತ್ತಾರೆ. ಅದಕ್ಕೆ ಬಳಸುವ ಅಳತೆಗೋಲು ಲಾಭದಾಯಕತೆ ಸೂಚ್ಯಂಕ, ಚಿಕ್ಕದಾಗಿ ಪಿ.ಐ. ಹಾಕಿದ ಪ್ರತಿ ಒಂದು ರೂಪಾಯಿಗೆ ಇವತ್ತಿನ ಬೆಲೆಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ಅದು ಹೇಳುತ್ತದೆ.

ಸುಂಟಿಕೊಪ್ಪದ ಹತ್ತಿರ ನನ್ನ ಭಾವನ ತೋಟ ಇದೆ. ಅಲ್ಲಿನ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಮೊದಲು ಕೆಲಸಗಳನ್ನೂ ಖರ್ಚನ್ನೂ ಬರೆಯಿರಿ. ಕಾಂಕ್ರೀಟ್ ಕಣ 5 ಲಕ್ಷ, ಸ್ಪ್ರಿಂಕ್ಲರ್ ಸೆಟ್ 11 ಲಕ್ಷ, ಕರಿಮೆಣಸಿನ ಬಳ್ಳಿ 4 ಲಕ್ಷ, ಹೋಂಸ್ಟೇ ಕೋಣೆಗಳು 18 ಲಕ್ಷ. ಒಟ್ಟು 38 ಲಕ್ಷ. ಇರುವುದು 20.

ಎರಡನೆಯದು ಪ್ರತಿ ವರ್ಷ ಕೈಗೆ ಉಳಿಯುವ ಹಣ. ಜನ ಎಡವುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನ ಮಾಡಿ.

ಕಣದ ಲೆಕ್ಕ ಸುಲಭ. ಮಣ್ಣಿನ ಮೇಲೆ ಒಣಗಿಸಿದ ಕಾಫಿಗೆ ಮಣ್ಣಿನ ವಾಸನೆ ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಭಾವನಿಗೆ ಸುಮಾರು 300 ಮೂಟೆ ಆಗುತ್ತದೆ. ಮೂಟೆಗೆ 400 ರೂಪಾಯಿ ಜಾಸ್ತಿ ಸಿಕ್ಕಿದರೆ 1,20,000. ಆಳಿನ ಖರ್ಚಿನಲ್ಲಿ 28,000 ಉಳಿಯುತ್ತದೆ, ರಿಪೇರಿಗೆ 15,000 ಹೋಗುತ್ತದೆ. ವರ್ಷಕ್ಕೆ ಉಳಿದದ್ದು 1.33 ಲಕ್ಷ.

ಸ್ಪ್ರಿಂಕ್ಲರ್ ಲೆಕ್ಕ ಹಾಗಲ್ಲ. ಪಂಪ್ ಮಾರುವ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಪ್ರತಿ ವರ್ಷವೂ ಪೂರ್ತಿ ಲಾಭ ಬರೆದಿತ್ತು, ಡೀಸೆಲ್ ಖರ್ಚೇ ಇರಲಿಲ್ಲ. ಅಂಥ ಚೀಟಿಯನ್ನು ನಂಬಲೇಬೇಡಿ. ಹೂ ಮಳೆ ಹೊತ್ತಿಗೆ ಸರಿಯಾಗಿ ಬಿದ್ದ ವರ್ಷ ಸ್ಪ್ರಿಂಕ್ಲರ್‌ನಿಂದ ಬರುವ ಹೆಚ್ಚಿನ ಲಾಭ ಸೊನ್ನೆ, ಅಲ್ವಾ? ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ಪುಸ್ತಕ ಇರುತ್ತದೆ. ಭಾವನ ಮನೆಯ ಪುಸ್ತಕ ತೆಗೆದು ಫೆಬ್ರವರಿ, ಮಾರ್ಚ್ ಪುಟಗಳನ್ನು ನೋಡಿದೆವು. ಐದು ವರ್ಷಕ್ಕೆ ಸರಾಸರಿ ಮೂರು ವರ್ಷ ಮಳೆ ಕೈಕೊಟ್ಟಿತ್ತು. ಅಂಥ ವರ್ಷ ಡೀಸೆಲ್ ಕಳೆದು 4.55 ಲಕ್ಷ ಉಳಿಯುತ್ತದೆ. ಐದರಲ್ಲಿ ಮೂರು ಪಾಲು ಎಂದರೆ ವರ್ಷಕ್ಕೆ 2.73 ಲಕ್ಷ. ಚೀಟಿಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಅಷ್ಟು ವ್ಯತ್ಯಾಸ.

ಈ ಹಂತದಲ್ಲಿ ಬ್ಯಾಂಕ್ ಬಡ್ಡಿಯನ್ನು ಕಳೆಯಬೇಡಿ. ಮುಂದಿನ ಹಂತದಲ್ಲಿ ಬಡ್ಡಿ ದರ ಹೇಗೂ ಬರುತ್ತದೆ, ಇಲ್ಲೂ ಕಳೆದರೆ ಎರಡು ಸಲ ಕಳೆದ ಹಾಗೆ. ಸಬ್ಸಿಡಿ ಕೆಲಸ ಮುಗಿದ ಮೇಲೆ ಬರುವುದಾದರೆ ಅದನ್ನು ಬರುವ ವರ್ಷಕ್ಕೇ ಬರೆಯಿರಿ. ಇವತ್ತು ಕೈಯಿಂದ ಹೋಗುವುದು ಪೂರ್ತಿ ದುಡ್ಡೇ.

ಮೂರನೆಯದು ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವುದು. ನಾವು 12% ದರ, 10 ವರ್ಷ ಹಿಡಿದೆವು. ಈ ದರದಲ್ಲಿ ಮುಂದಿನ ವರ್ಷದ ಒಂದು ರೂಪಾಯಿಗೆ ಇವತ್ತು ಸುಮಾರು 89 ಪೈಸೆ, ಹತ್ತನೇ ವರ್ಷದ್ದಕ್ಕೆ 32 ಪೈಸೆ. ಹತ್ತು ವರ್ಷವೂ ಒಂದೇ ಮೊತ್ತ ಬಂದರೆ ಅದನ್ನು 5.65ರಿಂದ ಗುಣಿಸಿದರೆ ಸಾಕು. ಕಣಕ್ಕೆ 1.33 × 5.65, ಸುಮಾರು 7.5 ಲಕ್ಷ. ಅದನ್ನು 5 ಲಕ್ಷದಿಂದ ಭಾಗಿಸಿದರೆ ಪಿ.ಐ. 1.5.

ಈ ಹಂತ ಬಿಟ್ಟರೆ ಏನಾಗುತ್ತದೆ ಎಂದು ಮೆಣಸಿನಲ್ಲಿ ನೋಡಿ. ಬಳ್ಳಿ ನೆಟ್ಟು ಮೊದಲ ಮೂರು ವರ್ಷ ಏನೂ ಬರುವುದಿಲ್ಲ. ನಾಲ್ಕರಿಂದ ಹತ್ತನೇ ವರ್ಷದವರೆಗೆ ವರ್ಷಕ್ಕೆ 1.54 ಲಕ್ಷ ಎಂದು ಅಂದಾಜು. ಸುಮ್ನೆ ಕೂಡಿದರೆ 10.78 ಲಕ್ಷ, ಹಾಕಿದ್ದರ 2.7 ಪಟ್ಟು. ಕಣ ಹಾಗೆ ಕೂಡಿದರೆ 2.66 ಪಟ್ಟು. ಮೆಣಸೇ ಮೇಲು ಎಂದು ಕಾಣುತ್ತದೆ. ಇವತ್ತಿನ ಬೆಲೆಗೆ ಇಳಿಸಿದಾಗ ಮೆಣಸಿನದು ಬರೀ 5 ಲಕ್ಷ, ಪಿ.ಐ. 1.25. ಮೂರು ವರ್ಷ ಕಾದದ್ದಕ್ಕೆ ಅಷ್ಟು ಬೆಲೆ.

ಕಂಪ್ಯೂಟರ್ ಶೀಟಿನಲ್ಲಿ ಮಾಡುವವರಿಗೆ ಒಂದು ಮಾತು. C2ರಲ್ಲಿ ಖರ್ಚು, C3ರಿಂದ C12ರವರೆಗೆ ಹತ್ತು ವರ್ಷದ ಹಣ ಇದ್ದರೆ:

```
=NPV(12%,C3:C12)/C2
```

ಖರ್ಚಿನ ಮನೆಯನ್ನು ಆವರಣದ ಒಳಗೆ ಸೇರಿಸಬೇಡಿ. ಒಳಗೆ ಹಾಕಿದ ಮೊದಲ ಮೊತ್ತ ಒಂದು ವರ್ಷದ ನಂತರದ್ದು ಎಂದೇ ಶೀಟ್ ತಿಳಿಯುತ್ತದೆ. ಉತ್ತರ 1ಕ್ಕಿಂತ ಕಡಿಮೆ ಬಂದರೆ ಆ ಕೆಲಸವನ್ನು ಅಲ್ಲಿಗೇ ಬಿಡಿ.

ನಾಲ್ಕನೆಯದು ಸಾಲಾಗಿ ಜೋಡಿಸುವುದು. ಕಣ 1.5, ಸ್ಪ್ರಿಂಕ್ಲರ್ 1.4, ಹೋಂಸ್ಟೇ 1.3, ಮೆಣಸು 1.25. ಖರ್ಚು ಕಳೆದ ಮೇಲೆ ಇವತ್ತಿನ ಬೆಲೆಯಲ್ಲಿ ಉಳಿಯುವ ಲಾಭ ಇದೇ ಸಾಲಿನಲ್ಲಿ 2.5, 4.4, 5.4 ಮತ್ತು 1 ಲಕ್ಷ.

ಭಾವನ ಆಸೆ ಹೋಂಸ್ಟೇ ಮೇಲೆ. "ಜಾಸ್ತಿ ಲಾಭ ಅದರಲ್ಲೇ ಉಂಟಲ್ಲ" ಎಂದರು. ನಿಜ, ಒಂದೊಂದಾಗಿ ನೋಡಿದರೆ 5.4 ಲಕ್ಷವೇ ದೊಡ್ಡದು. ಆದರೆ ಅದು 18 ಲಕ್ಷ ನುಂಗುತ್ತದೆ, ಮಿಕ್ಕ 2 ಲಕ್ಷದಲ್ಲಿ ಅರ್ಧ ಮೆಣಸು ನೆಡಬಹುದು ಅಷ್ಟೆ. ಪಿ.ಐ. ಸಾಲಿನಲ್ಲಿ ಬಂದರೆ ಕಣಕ್ಕೆ 5, ಸ್ಪ್ರಿಂಕ್ಲರ್‌ಗೆ 11. ಉಳಿದ 4 ಲಕ್ಷದಲ್ಲಿ ಹೋಂಸ್ಟೇ ಆಗದು, ಮೆಣಸು ಪೂರ್ತಿ ಆಗುತ್ತದೆ. ಲಾಭ 7.9 ಲಕ್ಷ. ಭಾವ ಒಪ್ಪಿದರು.

ಐದನೆಯದು ಎಲ್ಲರೂ ಬಿಟ್ಟುಬಿಡುವ ಹಂತ. ಸಾಲನ್ನು ಕಣ್ಣು ಮುಚ್ಚಿ ನಂಬಬೇಡಿ, ಬಜೆಟ್ ಒಳಗೆ ಕೂರುವ ಜೊತೆಗಳನ್ನೆಲ್ಲ ಬರೆದು ನೋಡಿ. ಬಳ್ಳಿಯನ್ನು ಅರ್ಧ ಎಕರೆಗೆ ಬೇಕಾದರೂ ನೆಡಬಹುದು. ಅರ್ಧ ಪಂಪ್ ತರಲು ಆಗುವುದಿಲ್ಲ. ಹಾಗೆ ತುಂಡು ಮಾಡಲಾಗದ ಕೆಲಸಗಳಿದ್ದಾಗ ಪಿ.ಐ. ಸಾಲು ತಪ್ಪು ದಾರಿ ತೋರಿಸಬಹುದು.

ನಮಗೆ ಅದು ಜುಲೈನಲ್ಲಿ ಗೊತ್ತಾಯಿತು. ಗಾಳಿ ಮಳೆಗೆ ಲೈನ್ ಮನೆಯ ಶೀಟುಗಳು ಹಾರಿಹೋದವು. ಆಳುಗಳು ಇರುವ ಮನೆ, ಅದಕ್ಕೆ ಪಿ.ಐ. ಲೆಕ್ಕ ಹಾಕುವುದೇ ತಪ್ಪು. ಅಂಥ ಖರ್ಚನ್ನು ಮೊದಲು ಕಳೆದು ಮಿಕ್ಕಿದ್ದನ್ನು ಮಾತ್ರ ಹಂಚಬೇಕು. ಮಾಡಿಗೆ 5 ಲಕ್ಷ ಹೋಗಿ 15 ಉಳಿಯಿತು.

ಈಗ ಸಾಲಿನ ಪ್ರಕಾರ ಕಣ ಹಿಡಿದರೆ ಉಳಿದ 10ರಲ್ಲಿ ಸ್ಪ್ರಿಂಕ್ಲರ್ ಕೂರುವುದಿಲ್ಲ. ಕಣ ಮತ್ತು ಮೆಣಸು ಎಂದರೆ 9 ಲಕ್ಷ ಖರ್ಚು, 3.5 ಲಕ್ಷ ಲಾಭ, 6 ಲಕ್ಷ ಸುಮ್ನೆ ಕೂತಿರುತ್ತದೆ. ಅದೇ ಸ್ಪ್ರಿಂಕ್ಲರ್ ಮತ್ತು ಮೆಣಸು ಹಿಡಿದರೆ ಸರಿಯಾಗಿ 15 ಲಕ್ಷ, ಲಾಭ 5.4. ಸಾಲಿನಲ್ಲಿ ಮೊದಲಿದ್ದ ಕಣವೇ ಹೊರಗೆ ಹೋಯಿತು.

ಇನ್ನೊಂದು ಜೊತೆಯನ್ನೂ ಬರೆದಿದ್ದೆವು. ಕಣ ಮತ್ತು ಸ್ಪ್ರಿಂಕ್ಲರ್ 16 ಲಕ್ಷ, ಲಾಭ 6.9. ಬಜೆಟ್ ದಾಟುವುದು ಒಂದೇ ಒಂದು ಲಕ್ಷ, ಆದರೆ ಆ ಒಂದು ಲಕ್ಷ ಸಿಕ್ಕಿದರೆ ಲಾಭ ಒಂದೂವರೆ ಲಕ್ಷ ಏರುತ್ತದೆ. ಆದ್ದರಿಂದ ಬಜೆಟ್‌ನ ಸ್ವಲ್ಪ ಆಚೆಗಿರುವ ಜೊತೆಗಳನ್ನೂ ಬರೆದಿಡಿ ಎನ್ನುತ್ತೇನೆ. ಭಾವ ಆ ಕಾಗದವನ್ನು ತುಂಬಾ ಹೊತ್ತು ನೋಡಿದರು. ಶೆಡ್ಡಿನಲ್ಲಿ ಎರಡು ವರ್ಷದಿಂದ ಓಡದೆ ನಿಂತಿದ್ದ ಹಳೇ ಜೀಪನ್ನು 1.10 ಲಕ್ಷಕ್ಕೆ ಕೊಟ್ಟರು. ಮಳೆ ಬಿಟ್ಟ ಮೇಲೆ ಕಣದ ಕೆಲಸ ಶುರುವಾಯಿತು. ಮಿಕ್ಕ ಹತ್ತು ಸಾವಿರವನ್ನು ಮುಂದಿನ ಮಳೆಗೆ ಮೆಣಸಿನ ಬಳ್ಳಿ ತರಲು ಅಕ್ಕನ ಕೈಗೆ ಕೊಟ್ಟಿದ್ದಾರೆ.