ಮುಟ್ಟಿನ ನೋವು ಹೋಯಿತು, "ಆ ವಾರ" ಹೋಗಲಿಲ್ಲ

ಹಾಸನದ ಕಡೆ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಶುರುಮಾಡಿದ ಹೊಸತರಲ್ಲಿ, "ಡೇಟ್ ಹತ್ತಿರ ಬಂದ್ರೆ ತುಂಬಾ ಕಷ್ಟ ಮೇಡಂ" ಎಂದವರಿಗೆಲ್ಲ ನಾನು ಒಂದೇ ಬಗೆಯ ಚೀಟಿ ಬರೆದುಕೊಡುತ್ತಿದ್ದೆ. ನೋವಿನ ಮಾತ್ರೆ, ಬಿಸಿನೀರಿನ ಚೀಲ, ಮೂರು ತಿಂಗಳು ಬಿಟ್ಟು ಬನ್ನಿ. "ಕಷ್ಟ" ಅಂದರೆ ಏನು, ಅದು ಯಾವ ದಿನ ಶುರುವಾಗಿ ಯಾವ ದಿನ ನಿಲ್ಲುತ್ತದೆ ಎಂದು ನಾನು ಕೇಳುತ್ತಿರಲಿಲ್ಲ. ಅದನ್ನು ಕೇಳುವುದನ್ನು ಕಲಿಸಿದ್ದು ಇಪ್ಪತ್ತೊಂಬತ್ತು ವರ್ಷದ ಒಬ್ಬ ಹೈಸ್ಕೂಲ್ ಟೀಚರ್.

ಮೊದಲ ಸಲ ಬಂದಾಗ ಆಕೆ ಹೇಳಿದ್ದು ಹೊಟ್ಟೆನೋವಿನ ಬಗ್ಗೆ. ಮೈನೆರೆದ ಮರುವರ್ಷದಿಂದಲೂ ಇದೆ. ರಕ್ತ ಕಾಣಿಸಿಕೊಂಡ ಒಂದೆರಡು ಗಂಟೆಯಲ್ಲಿ ಕಿಬ್ಬೊಟ್ಟೆ ಹಿಂಡಿದಂತಾಗಿ, ಸೊಂಟಕ್ಕೂ ತೊಡೆಗೂ ಇಳಿಯುತ್ತದೆ, ಕೆಲವು ಸಲ ವಾಂತಿ, ಭೇದಿ. ಮೂರನೇ ದಿನಕ್ಕೆ ಏನೂ ಇಲ್ಲ. ಇದು ಮುಟ್ಟಿನ ನೋವಿನ ಸ್ಪಷ್ಟ ಚಿತ್ರ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆರಳಿಸುವುದರಿಂದ ಭೇದಿಯಾಗುತ್ತದೆ.

ಮಾತ್ರೆ ಆಕೆ ಮೊದಲೂ ತೆಗೆದುಕೊಂಡಿದ್ದರು, "ಕೆಲಸ ಮಾಡಲ್ಲ" ಎಂದರು. ವಿಚಾರಿಸಿದರೆ, ನೋವು ತಡೆಯಲಾಗದಷ್ಟು ಆದ ಮೇಲೆ ಒಂದೇ ಒಂದು ಮಾತ್ರೆ ನುಂಗಿ ಮಲಗುತ್ತಿದ್ದರು. ಈ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ, ಆಗಲೇ ತಯಾರಾಗಿರುವುದನ್ನು ಅಳಿಸುವುದಿಲ್ಲ. ಹಾಗಾಗಿ ಮೆಫೆನಮಿಕ್ ಆಸಿಡ್ 500 ಮಿಲಿಗ್ರಾಂ, ಮುಟ್ಟಿನ ಸೂಚನೆ ಕಂಡ ಕೂಡಲೇ ಶುರುಮಾಡಿ, ಊಟವಾದ ಮೇಲೆ ದಿನಕ್ಕೆ ಮೂರು ಸಲ, ನೋವಿರಲಿ ಇಲ್ಲದಿರಲಿ ಎರಡು ದಿನ ಎಂದು ಬರೆದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಬರುವ ಗುಣ ಇಲ್ಲವೆಂದು ಕೇಳಿಕೊಂಡೆ. ಮೈಮೇಲೆ ಗಂಧೆ ಎದ್ದು ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕೆಂದೂ ಹೇಳಿದೆ.

ಮೂರು ತಿಂಗಳ ಮೇಲೆ ಬಂದಾಗ ನೋವು ಬಹುಪಾಲು ಹೋಗಿತ್ತು. ನಾನು ಸಂತೋಷಪಟ್ಟೆ. ಆಕೆ ಸಂತೋಷವಾಗಿರಲಿಲ್ಲ. "ನೋವು ಪರವಾಗಿಲ್ಲ ಮೇಡಂ. ಆದ್ರೆ ಆ ವಾರ ಹಾಗೇ ಇದೆ."

ಯಾವ ವಾರ ಎಂದು ಅಂದು ಮೊದಲ ಸಲ ಕೇಳಿದೆ. ಮುಟ್ಟಿಗೆ ಎಂಟು ಹತ್ತು ದಿನ ಮುಂಚೆ ಎದೆಯೊಳಗೆ ಏನೋ ಕವಿದುಕೊಳ್ಳುತ್ತದೆ. ಮಗು ಲೋಟ ಬೀಳಿಸಿದರೆ ಕೈ ಎತ್ತುವಷ್ಟು ಸಿಟ್ಟು, ಆಮೇಲೆ ಬಚ್ಚಲಿನಲ್ಲಿ ನಿಂತು ಅಳು. ಪಾಠ ಮಾಡುವಾಗ ವಾಕ್ಯ ಅರ್ಧಕ್ಕೆ ಮರೆತುಹೋಗುತ್ತದೆ. ಗಂಡನನ್ನು ಬಿಟ್ಟುಹೋಗಬೇಕು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನಿಲ್ಲದಿದ್ರೆ ಇವರಿಗೆಲ್ಲ ನೆಮ್ಮದಿ ಅನ್ಸುತ್ತೆ" ಎಂದರು. ಮುಟ್ಟಾದ ಮರುದಿನ ಮೋಡ ಸರಿದ ಹಾಗೆ ಎಲ್ಲ ಸರಿ.

ಮುಟ್ಟಿನ ನೋವು ರಕ್ತದ ಜೊತೆ ಶುರುವಾಗುತ್ತದೆ. ಈ ಸಂಕಟ ರಕ್ತ ಬಂದೊಡನೆ ಇಳಿಯತೊಡಗುತ್ತದೆ. ಆಕೆಗೆ ಎರಡೂ ಇದ್ದವು, ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿಕೊಂಡಿತ್ತು. ಅದಕ್ಕೇ ಅವರಿಗೂ ನನಗೂ ಅದು ಒಂದೇ ಕಾಯಿಲೆಯಾಗಿ ಕಂಡಿತ್ತು.

ಈ ಎರಡನೆಯದಕ್ಕೆ ಪಿಎಂಡಿಡಿ, ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್ ಎನ್ನುತ್ತಾರೆ. ಆದರೆ ಮಾತು ಕೇಳಿಯೇ ಆ ಹೆಸರು ಬರೆಯುವಂತಿಲ್ಲ, ಕನಿಷ್ಠ ಎರಡು ತಿಂಗಳು ದಿನದಿನದ ದಾಖಲೆ ಬೇಕು. ನೆನಪಿನಿಂದ ಹೇಳುವಾಗ ಕೆಟ್ಟ ದಿನಗಳೆಲ್ಲ ಮುಟ್ಟಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ತಿಂಗಳಿಡೀ ಖಿನ್ನತೆಯಿದ್ದು ಮುಟ್ಟಿನ ಮುಂಚೆ ಹೆಚ್ಚಾಗುವವರೂ ಇದ್ದಾರೆ, ಅವರ ಚಿಕಿತ್ಸೆ ಬೇರೆ. ಮನೆಯ ಗೋಡೆ ಕ್ಯಾಲೆಂಡರನ್ನೇ ಬಳಸಿ ಎಂದೆ. ರಾತ್ರಿ ಊಟವಾದ ಮೇಲೆ ಸಿಟ್ಟು, ದುಃಖ, ಆತಂಕ, ಹೊಟ್ಟೆನೋವು, ಈ ನಾಲ್ಕಕ್ಕೂ 1ರಿಂದ 6ರವರೆಗೆ ಅಂಕ ಹಾಕಬೇಕು. ಒಂದೆಂದರೆ ಇಲ್ಲವೇ ಇಲ್ಲ, ಆರೆಂದರೆ ವಿಪರೀತ. ನಿದ್ದೆ, ಕೆಲಸ, ಜಗಳದ ಬಗ್ಗೆ ಒಂದೆರಡು ಮಾತು.

ಸಾಯುವ ಯೋಚನೆಯ ಮಾತು ಬಂದಿದ್ದರಿಂದ ಅದಕ್ಕೆ ಎರಡು ತಿಂಗಳು ಕಾಯಲಿಲ್ಲ. ಅವತ್ತೇ ನೇರವಾಗಿ ಕೇಳಿದೆ. ಯೋಜನೆಯೇನೂ ಇರಲಿಲ್ಲ. ಗಂಡನನ್ನು ಒಳಗೆ ಕರೆದು ವಿಷಯ ತಿಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ.

ಎರಡು ಹಾಳೆ ಬಂದವು. 28 ದಿನದ ಚಕ್ರ. 5ನೇ ದಿನದಿಂದ 17ರವರೆಗೆ ಎಲ್ಲ ಕಡೆ ಒಂದು, ಅಲ್ಲೊಂದು ಇಲ್ಲೊಂದು ಎರಡು. 19ನೇ ದಿನ ಸಿಟ್ಟು ನಾಲ್ಕಕ್ಕೆ ಏರಿ, 24ರಿಂದ 27ರವರೆಗೆ ಐದು ಆರು. ಮುಟ್ಟಿನ ಎರಡನೇ ದಿನಕ್ಕೆ ಎರಡು. ಹೊಟ್ಟೆನೋವಿನ ಸಾಲಿನಲ್ಲಿ ಮಾತ್ರ ಇಡೀ ತಿಂಗಳು ಒಂದು, ಮುಟ್ಟಿನ ದಿನ ಮೂರು. ಎರಡೂ ತಿಂಗಳು ಅದೇ ರೂಪ.

ಮೊದಲು ಇಂಥವರಿಗೆ ಹಾರ್ಮೋನ್ ಪರೀಕ್ಷೆ ಬರೆಯುತ್ತಿದ್ದೆ, ರಿಪೋರ್ಟ್ ಸರಿಯಿದೆ, ಏನೂ ಇಲ್ಲ ಎಂದು ಕಳಿಸುತ್ತಿದ್ದೆ. ಅದು ಅನ್ಯಾಯವಾಗಿತ್ತು. ಪಿಎಂಡಿಡಿಯಲ್ಲಿ ಹಾರ್ಮೋನ್ ಮಟ್ಟ ಸರಿಯಾಗಿಯೇ ಇರುತ್ತದೆ, ಅದರ ಮಾಮೂಲಿ ಏರಿಳಿತಕ್ಕೆ ಮಿದುಳು ವಿಪರೀತವಾಗಿ ಸ್ಪಂದಿಸುತ್ತದೆ. ಈಗ ನಾನು ನೋಡಿಸುವುದು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್, ಅದೂ ಬೇರೆ ಕಾರಣ ಇಲ್ಲವೆಂದು ಖಾತ್ರಿಗೆ.

ಸರ್ಟ್ರಾಲಿನ್ 50 ಮಿಲಿಗ್ರಾಂ, ಚಕ್ರದ 14ನೇ ದಿನದಿಂದ ಮುಟ್ಟಾಗುವವರೆಗೆ ಮಾತ್ರ, ಬೆಳಿಗ್ಗೆ ತಿಂಡಿ ಆದಮೇಲೆ ಎಂದು ಶುರುಮಾಡಿದೆ. ಖಿನ್ನತೆಗೆ ಕೊಟ್ಟಾಗ ಈ ಔಷಧಿಗೆ ವಾರಗಟ್ಟಲೆ ಸಮಯ ಬೇಕು, ಪಿಎಂಡಿಡಿಯಲ್ಲಿ ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಅರ್ಧ ತಿಂಗಳು ಕೊಟ್ಟರೂ ನಡೆಯುತ್ತದೆ. ಕೊಡುವ ಮುಂಚೆ, ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ ವಿಪರೀತ ಹುಮ್ಮಸ್ಸಿನ ದಿನಗಳು ಬಂದಿದ್ದವೇ ಎಂದು ಕೇಳಿದೆ. ಬಂದಿದ್ದರೆ ಅದು ಬೈಪೋಲಾರ್ ಇರಬಹುದು, ಆಗ ನಾನೊಬ್ಬಳೇ ಮುಂದುವರಿಯದೆ ಮನೋವೈದ್ಯರ ಬಳಿ ಕಳಿಸುತ್ತೇನೆ.

ಮೊದಲ ತಿಂಗಳು ಮೂರು ದಿನ ಓಕರಿಕೆ ಬಂತು. ಅದಕ್ಕಿಂತ ದೊಡ್ಡ ತೊಡಕು ಮನೆಯಲ್ಲಿ. ಔಷಧಿ ಅಂಗಡಿಯವರು "ಇದು ಮಾನಸಿಕದ ಮಾತ್ರೆ" ಎಂದದ್ದನ್ನು ಕೇಳಿ ಅತ್ತೆ ಹೆದರಿದ್ದರು. ಅವರನ್ನೂ ಕರೆಸಿ ಆ ಎರಡು ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಜಗಳ ಆದ ದಿನಗಳೆಲ್ಲ ಇವೇ" ಎಂದರು. ನನ್ನ ವಿವರಣೆಗಿಂತ ಆ ಅಂಕಿಗಳು ಅವರಿಗೆ ಹೆಚ್ಚು ಅರ್ಥವಾದವು.

ಎರಡನೇ ತಿಂಗಳು ಸಿಟ್ಟಿನ ಅಂಕ ಮೂರು ದಾಟಲಿಲ್ಲ, ಸಾಯುವ ಯೋಚನೆ ಬರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕಿತ್ತು. ಸರ್ಟ್ರಾಲಿನ್ ನಿಲ್ಲುವ ಹೊತ್ತಿಗೇ ಮೆಫೆನಮಿಕ್ ಶುರುವಾಗುತ್ತದೆ. ಎರಡೂ ಕೂಡಿದರೆ ಹೊಟ್ಟೆಯೊಳಗೆ ರಕ್ತ ಒಸರುವ ಸಾಧ್ಯತೆ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಬೇಡ, ಮಲ ಕಪ್ಪಗಾದರೆ ಕಾಯಬೇಡಿ ಎಂದು ಚೀಟಿಯಲ್ಲೇ ಬರೆದೆ.

ಇದರಿಂದ ಗುಣ ಕಾಣದಿದ್ದರೆ ಮುಂದಿನ ಹೆಜ್ಜೆ ಎರಡಕ್ಕೂ ಬೇರೆ. ನೋವು ಸರಿಯಾಗಿ ಮಾತ್ರೆ ತೆಗೆದುಕೊಂಡರೂ ಇಳಿಯದಿದ್ದರೆ ಅಥವಾ ವರ್ಷದಿಂದ ವರ್ಷಕ್ಕೆ ಹೆಚ್ಚಾದರೆ, ಮುಟ್ಟಲ್ಲದ ದಿನಗಳಲ್ಲೂ ಬಂದರೆ, ಲೈಂಗಿಕವಾಗಿ ಕೂಡುವಾಗ ನೋವಾದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಇದೆಯೇ ಎಂದು ಹುಡುಕುತ್ತೇನೆ, ಸ್ಕ್ಯಾನ್ ಸರಿಯಿದ್ದರೂ ಅದು ಇರಬಹುದು. ಪಿಎಂಡಿಡಿಗೆ ಸರ್ಟ್ರಾಲಿನ್ ಪ್ರಮಾಣ ಏರಿಸಬಹುದು ಅಥವಾ ತಿಂಗಳಿಡೀ ಕೊಡಬಹುದು. ಮಕ್ಕಳು ಸದ್ಯಕ್ಕೆ ಬೇಡವೆನ್ನುವವರಿಗೆ ಡ್ರೊಸ್ಪೈರಿನೋನ್ ಇರುವ ಗರ್ಭನಿರೋಧಕ ಮಾತ್ರೆ ಎರಡಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಕಣ್ಣಮುಂದೆ ಬೆಳಕು ಮಿಂಚುವ ಮೈಗ್ರೇನ್ ಇರುವವರಿಗೂ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೂ ಅದು ಕೂಡದು.

ಆಕೆ ವರ್ಷದ ಮೇಲೆ ಒಮ್ಮೆ ಮಾತ್ರೆ ನಿಲ್ಲಿಸಿ ನೋಡಿದರು. ಮುಂದಿನ ತಿಂಗಳ 25ನೇ ದಿನದ ಚೌಕದಲ್ಲಿ ಮತ್ತೆ ಐದು ಬಂತು. ಅದನ್ನು ಹಿಡಿದುಕೊಂಡು ತಾವೇ ಬಂದು, "ಈ ಸಲ 14ರಿಂದ ಶುರು ಮಾಡ್ತೀನಿ ಮೇಡಂ" ಎಂದರು.