ಮೂವರ ಲೆಕ್ಕ ಕೂಡಿದಾಗ ಸೊನ್ನೆ ಬರಲಿಲ್ಲ

ಕಾಸರಗೋಡಿನ ವಿದ್ಯಾನಗರದಲ್ಲಿ ನಾವು ಮೂವರು ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಒಬ್ಬ ಪೆರ್ಲದವ, ಇನ್ನೊಬ್ಬ ಸುಳ್ಯದವ. ಕರೆಯುವುದೂ ಹಾಗೆಯೇ, ಪೆರ್ಲ, ಸುಳ್ಯ ಅಂತ. ಬಾಡಿಗೆ 9,000 ರೂಪಾಯಿ ನನ್ನ ಖಾತೆಯಿಂದ ಹೋಗುತ್ತದೆ. ಕರೆಂಟ್ ಬಿಲ್ಲು ಪೆರ್ಲ ಕಟ್ಟುತ್ತಾನೆ. ಗ್ಯಾಸ್, ಅಕ್ಕಿ, ತರಕಾರಿ ಸುಳ್ಯದವನ ಪಾಲಿಗೆ. ಆಮೇಲೆ ಒಬ್ಬರಿಗೊಬ್ಬರು ಯುಪಿಐನಲ್ಲಿ ಕೊಟ್ಟುಕೊಳ್ಳುತ್ತೇವೆ.

ಜುಲೈ ಕೊನೆಗೆ ಜಗಳ ಆಗುವುದರಲ್ಲಿತ್ತು. ಪೆರ್ಲ ಬಾಡಿಗೆಯ ಪಾಲು ಕೊಟ್ಟಿಲ್ಲ ಅಂತ ನಾನು. 3ನೇ ತಾರೀಕಿಗೇ 3,000 ಕಳಿಸಿದ್ದೇನೆ ಅಂತ ಅವನು. ಅವನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ಹೋದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ದಿನ ಸರಿಯಾಗಿ ಮಾತಿಲ್ಲ. ಮೂರನೇ ದಿನ ಸುಳ್ಯದವನೇ ಹೇಳಿದ, "ಮಾರಾಯ್ರೇ, ಮೂರೂ ಜನರ ಸ್ಟೇಟ್‌ಮೆಂಟ್ ತೆಗೆದು ಕೂತುಕೊಳ್ಳುವ."

ಕೂತೆವು. ಮೊದಲು ಖರ್ಚು ಬೇರೆ, ನಮ್ಮೊಳಗೆ ಕೊಟ್ಟುಕೊಂಡದ್ದು ಬೇರೆ ಅಂತ ಎರಡು ಭಾಗ ಮಾಡಿದೆವು. ಮನೆ ಯಜಮಾನರಿಗೆ, ಅಂಗಡಿಗೆ, ಕರೆಂಟಿಗೆ ಹೋದದ್ದು ಮಾತ್ರ ಖರ್ಚು. ಸುಳ್ಯ ನನಗೆ ಕಳಿಸಿದ 3,000 ಖರ್ಚಲ್ಲ, ಅದನ್ನೂ ಖರ್ಚಿಗೆ ಸೇರಿಸಿದರೆ ಒಂದೇ ಬಾಡಿಗೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಪೆರ್ಲ 12ನೇ ತಾರೀಕು ನನಗೆ ಕಳಿಸಿದ 2,000 ಮಾತ್ರ ಎರಡರಲ್ಲೂ ಸೇರುವುದಿಲ್ಲ. ಅದು ಬೈಕ್ ರಿಪೇರಿಗೆ ನಾನು ಕೊಟ್ಟಿದ್ದ ಕೈಸಾಲ.

ಖರ್ಚು ಬಾಡಿಗೆ 9,000, ಕರೆಂಟ್ 1,500, ಗ್ಯಾಸ್ ಮತ್ತು ಸಾಮಾನು 2,700. ಕರೆಂಟ್ ಬಿಲ್ಲು ಮಾತ್ರ ಮೂರು ಸಮಪಾಲು ಆಗುವುದಿಲ್ಲ. ಕೇರಳದಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಸುಳ್ಯ ಸೇರಿದ್ದು ಜುಲೈ 1ಕ್ಕೆ. ಹಾಗಾಗಿ ಜೂನ್‌ನ 750 ನಮ್ಮಿಬ್ಬರಿಗೆ, ಜುಲೈನ 750 ಮೂವರಿಗೆ ಹಂಚಿದೆವು. ನನಗೂ ಪೆರ್ಲನಿಗೂ 625, ಸುಳ್ಯನಿಗೆ 250. ಅವನು ಬಂದ ದಿನ ಮೀಟರಿನ ಫೋಟೋ ತೆಗೆದಿದ್ದರೆ ಯುನಿಟ್ ನೋಡಿಯೇ ಹಂಚಬಹುದಿತ್ತು, ಅದೇ ಹೆಚ್ಚು ಸರಿ.

ಅಲ್ಲಿಗೆ ನನ್ನ ಪಾಲು 4,525, ಪೆರ್ಲನದ್ದೂ ಅಷ್ಟೇ, ಸುಳ್ಯನದ್ದು 4,150. ಇನ್ನು ಪ್ರತಿಯೊಬ್ಬನೂ ತನ್ನ ಸ್ಟೇಟ್‌ಮೆಂಟ್ ನೋಡಿ, ಮನೆಗಾಗಿ ಖರ್ಚು ಮಾಡಿದ್ದಕ್ಕೆ ಉಳಿದವರಿಗೆ ಕಳಿಸಿದ್ದನ್ನು ಕೂಡಿಸಿ, ಬಂದದ್ದನ್ನೂ ತನ್ನ ಪಾಲನ್ನೂ ಕಳೆಯಬೇಕು. ಉಳಿದರೆ ಬರಬೇಕಾದದ್ದು, ಕಡಿಮೆ ಬಿದ್ದರೆ ಕೊಡಬೇಕಾದದ್ದು.

ಸಾಮಾನಿನ ಪಾಲು ಅಂತ ನಾನು ಸುಳ್ಯನಿಗೆ 900 ಕೊಟ್ಟಿದ್ದೆ. ಅದೂ ಸೇರಿ ನನಗೆ ಬರಬೇಕಾದದ್ದು 2,375. ಸುಳ್ಯನಿಗೆ ಬರಬೇಕಾದದ್ದು 650. ಪೆರ್ಲನ ಲೆಕ್ಕದಲ್ಲಿ ಅವನು ಕೊಡಬೇಕಾದದ್ದು ಬರೀ 25 ರೂಪಾಯಿ.

ಇಲ್ಲಿಯೇ ಗೊತ್ತಾಯಿತು. ಒಬ್ಬನಿಗೆ ಬರಬೇಕಾದದ್ದನ್ನು ಇನ್ನೊಬ್ಬ ಕೊಡಲೇಬೇಕು ಅಲ್ವಾ? ಮೂವರದ್ದು ಕೂಡಿ ಕಳೆದರೆ ಸೊನ್ನೆ ಬರಬೇಕು. ನಮಗೆ ಉಳಿದದ್ದು ಸರಿಯಾಗಿ 3,000. ಅಂದರೆ ಒಬ್ಬನ ಪುಸ್ತಕದಲ್ಲಿ ಹೋದ ಹಣ ಇನ್ನೊಬ್ಬನ ಪುಸ್ತಕಕ್ಕೆ ಬಂದಿಲ್ಲ. ಅದು ಯಾವ ಹಣ ಅಂತ ಹುಡುಕುವ ಅಗತ್ಯವೇ ಇರಲಿಲ್ಲ.

ಪ್ರತಿ ಯುಪಿಐ ವ್ಯವಹಾರಕ್ಕೂ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ, UTR ಅಂತ ತೋರಿಸುತ್ತದೆ. ಕಳಿಸಿದವನಲ್ಲಿಯೂ ಪಡೆದವನಲ್ಲಿಯೂ ಅದು ಒಂದೇ. ಪೆರ್ಲನ ಸಂಖ್ಯೆಯನ್ನು ನನ್ನ ಸ್ಟೇಟ್‌ಮೆಂಟಿನಲ್ಲಿ ಹುಡುಕಿದೆ, ಇಲ್ಲ. ಅವನದ್ದರಲ್ಲೇ ಇನ್ನೊಮ್ಮೆ ಹುಡುಕಿದಾಗ 4ನೇ ತಾರೀಕಿಗೆ ಅದೇ ಸಂಖ್ಯೆ, ಅದೇ 3,000, ಆದರೆ ಜಮಾ ಕಡೆ. ಹಣ ನನ್ನ ಖಾತೆ ಮುಟ್ಟದೆ ಮರುದಿನ ಅವನಿಗೇ ವಾಪಸ್ ಬಂದಿತ್ತು. ಅವನು ಹೋದದ್ದನ್ನು ಮಾತ್ರ ನೋಡಿದ್ದ. ಸುಳ್ಳು ಹೇಳಿರಲಿಲ್ಲ. ಅವನ ಮೇಲೆ ಸಂಶಯಪಟ್ಟದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು, ಅವನಿಗೆ ಹೇಳಿದೆ ಕೂಡ.

ಹೀಗೆ ಮಧ್ಯದಲ್ಲಿ ನಿಂತ ಹಣವನ್ನು ಮರುದಿನದೊಳಗೆ ವಾಪಸ್ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಾಗಾಗಿ ಹೋದ ಹಣದ ಮುಂದಿನ ಒಂದೆರಡು ದಿನದ ಸಾಲುಗಳನ್ನೂ ಓದಲೇಬೇಕು.

ಆ 3,000 ತೆಗೆದಾಗ ಪೆರ್ಲ ಕೊಡಬೇಕಾದದ್ದು 3,025 ಆಯಿತು, ಕೂಡಿದ್ದು ಸೊನ್ನೆಯಾಯಿತು. ಅವನು ಅಲ್ಲಿಯೇ ಕೂತು ನನಗೆ 2,375, ಸುಳ್ಯನಿಗೆ 650 ಕಳಿಸಿದ. ಈಗ ಕಳಿಸುವಾಗ RENT JULY, LOAN ಅಂತ ಚಿಕ್ಕದಾಗಿ ಬರೆಯುತ್ತೇವೆ, ಉದ್ದ ಬರೆದರೆ ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ತುಂಡಾಗುತ್ತದೆ. ಪಡೆದವನು "ಬಂತು" ಅಂತ ಹೇಳುವ ತನಕ ಯಾವ ಹಣವನ್ನೂ ಲೆಕ್ಕಕ್ಕೆ ಹಾಕುವುದಿಲ್ಲ.